ಮದುವೆ ಊಟದ ಅಡ್ವಾನ್ಸ್: ನಾಲ್ಕು ಕಂತು, ನಾಲ್ಕು ಲಿಂಕ್, ಅದಕ್ಕೂ ಮೊದಲು ಒಂದು ಪತ್ರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮದುವೆ ಊಟದ ಕಾಂಟ್ರ್ಯಾಕ್ಟ್ ಮಾಡುವವನು ನಾನು. ನಮ್ಮಲ್ಲಿ ಮೊದಲಿಂದ ಬಂದ ಪದ್ಧತಿ ಅಂದ್ರೆ ತಾರೀಕು ಹಿಡಿಯುವಾಗ ಕೈಗೆ ಐದು ಸಾವಿರ, ಉಳಿದದ್ದು ಮದುವೆ ಮುಗಿದ ಮೇಲೆ. ಆ ‘ಮೇಲೆ’ ಅನ್ನುವುದು ಸೊಸೈಟಿಯಲ್ಲಿ ಅಡಿಕೆ ವಿಕ್ರಿಯಾಗುವ ತನಕ ಎಳೆಯುತ್ತಿತ್ತು. ಬೆಲ್ಲ, ಅಕ್ಕಿ, ಎಣ್ಣೆ ಎಲ್ಲಾ ಅಂಗಡಿಯಲ್ಲಿ ಉದ್ರಿ. ಏಪ್ರಿಲ್, ಮೇ ತಿಂಗಳಲ್ಲಿ ಮದುವೆಗಳು ಒಂದರ ಹಿಂದೊಂದು ಬಂದಾಗ ಅಂಗಡಿಯವರೂ ಕೈ ಎತ್ತುತ್ತಾರೆ.

ಹಾಗಾಗಿ ಕಂತು ಮಾಡಿದೆ, ಫೋನಿಗೆ ಪೇಮೆಂಟ್ ಲಿಂಕ್ ಕಳಿಸುವುದನ್ನೂ ಶುರು ಮಾಡಿದೆ. ಆದರೆ ಲಿಂಕ್ ಬರುವ ಮೊದಲೇ ಯಜಮಾನರ ಕೈಗೆ ಒಂದು ಪತ್ರ ಹೋಗಬೇಕು. ಮದುವೆ ಕರೆಯೋಲೆ ಎಂದು ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ ಕಳಿಸಿ ಖಾತೆ ಖಾಲಿ ಮಾಡುವ ಕಾಲ ಇದು. ‘ಇದನ್ನ ಒತ್ತಿದ್ರೆ ದುಡ್ಡೆಲ್ಲಾ ಹೋಗೋದಿಲ್ಲ ಹೌದಾ?’ ಎಂದು ಜನ ಕೇಳುವುದು ಸರಿಯೇ. ನನ್ನ ಪತ್ರ ಶುರುವಾಗುವುದೂ ಅಲ್ಲಿಂದಲೇ:

‘ಲಿಂಕ್ ಬರುವುದು ಈ ಕೆಳಗಿನ ನಂಬರಿನ ವಾಟ್ಸಾಪ್‌ನಿಂದ ಮಾತ್ರ. ಕಳಿಸುವ ಮೊದಲು ನಾನೇ ಫೋನ್ ಮಾಡಿ ಮೊತ್ತ ಹೇಳುತ್ತೇನೆ. ತೆರೆದಾಗ ನಮ್ಮ ಕೇಟರಿಂಗ್ ಹೆಸರು, ನಿಮ್ಮ ಮದುವೆ ತಾರೀಕು, ಎಷ್ಟನೇ ಕಂತು ಎನ್ನುವುದು ಕಾಣಬೇಕು. ಇದರಲ್ಲಿ ಒಂದು ತಪ್ಪಿದ್ದರೂ ಕಟ್ಟಬೇಡಿ, ನನಗೆ ಫೋನ್ ಮಾಡಿ. ನಾನು ಯಾವ ಆ್ಯಪ್ ಹಾಕಿಕೊಳ್ಳಲೂ ಹೇಳುವುದಿಲ್ಲ. ದುಡ್ಡು ವಾಪಸ್ ಕೊಡುವಾಗಲೂ ಪಿನ್ ಕೇಳುವುದಿಲ್ಲ.’

ಲಿಂಕ್ ಮಾಡುವಾಗ ವಿವರ ಬರೆಯುವ ಜಾಗ ಇರುತ್ತದೆ. ಅಲ್ಲಿ ಸುಮ್ನೆ ‘ಅಡ್ವಾನ್ಸ್’ ಎಂದು ಬರೆದರೆ ಏನೂ ಉಪಯೋಗವಿಲ್ಲ. ‘ಮೇ 10 ಮದುವೆ ಊಟ, ಕಂತು 2’ ಎಂದು ಬರೆಯಬೇಕು. ಯಾಕೆಂದರೆ ಕಟ್ಟುವವರು ಬಹಳ ಸಲ ಯಜಮಾನರಲ್ಲ, ಬೆಂಗಳೂರಿನಲ್ಲಿರುವ ಮಗ. ಅಪ್ಪ ಲಿಂಕನ್ನು ಮಗನಿಗೆ ಫಾರ್ವರ್ಡ್ ಮಾಡುತ್ತಾರೆ, ಅವನು ಅಲ್ಲಿಂದ ಕಟ್ಟುತ್ತಾನೆ. ಘಟ್ಟದ ಒಳಗಿನ ಮನೆಗಳಲ್ಲಿ ನೆಟ್‌ವರ್ಕ್ ಸಿಗದಿದ್ದರೂ ಇದರಿಂದ ಕೆಲಸ ನಿಲ್ಲುವುದಿಲ್ಲ.

ಇನ್ನು ಲೆಕ್ಕ. ಸಿದ್ದಾಪುರ ಕಡೆಯ ಒಂದು ಮದುವೆಯದ್ದು ಹೇಳುತ್ತೇನೆ. ಮಧ್ಯಾಹ್ನದ ಊಟ 600 ಎಲೆ, ಎಲೆಗೆ 250 ರೂಪಾಯಿ: 1,50,000. ಹಿಂದಿನ ದಿನದ ಊಟ 100 ಜನಕ್ಕೆ, 180ರಂತೆ 18,000. ಬೆಳಗಿನ ತಿಂಡಿ 200 ಜನಕ್ಕೆ, 60ರಂತೆ 12,000. ಒಟ್ಟು 1,80,000. ಅದಕ್ಕೆ 5% ಜಿಎಸ್‌ಟಿ 9,000 ಸೇರಿ 1,89,000.

ಇದನ್ನು ಸಮ ಪಾಲು ಮಾಡಲಿಲ್ಲ. ನನ್ನ ಕೈಯಿಂದ ದುಡ್ಡು ಯಾವಾಗ ಹೋಗುತ್ತದೆ ಎಂದು ನೋಡಿ ಕಂತು ಇಟ್ಟೆ. ಪತ್ರದಲ್ಲಿ ಕಂತಿನ ಎದುರು ಕಾರಣವನ್ನೂ ಬರೆದೆ. ತಾರೀಕು ಹಿಡಿಯಲು 10%, ಅಂದರೆ 18,900. ಅವತ್ತು ಬೇರೆ ಮದುವೆ ಒಪ್ಪುವುದಿಲ್ಲ ಎನ್ನುವುದಕ್ಕೆ ಇದು. ಮದುವೆಗೆ ಒಂದು ತಿಂಗಳು ಮೊದಲು 30%, 56,700. ಅಡಿಗೆ ಭಟ್ಟರಿಗೆ, ಬಡಿಸುವವರಿಗೆ ಮುಂಗಡ ಕೊಡುವುದು ಆಗಲೇ. ಅಕ್ಕಿ, ಬೆಲ್ಲ, ಎಣ್ಣೆ ತಂದಿಡುವುದೂ ಆಗಲೇ. ಮದುವೆಗೆ ಹತ್ತು ದಿನ ಮೊದಲು 40%, 75,600. ಇದು ತರಕಾರಿ, ತೆಂಗಿನಕಾಯಿ, ಹಾಲು, ಬಾಳೆಲೆ, ಗ್ಯಾಸ್‌ಗೆ. ಉಳಿದ 20%, 37,800, ಮದುವೆ ಆದ ಮೇಲೆ ಎಲೆ ಲೆಕ್ಕ ಮಾಡಿ.

ಮೂರನೇ ಕಂತು ಹತ್ತು ದಿನ ಮೊದಲು ಯಾಕೆ, ತರಕಾರಿ ತರುವುದು ಹಿಂದಿನ ದಿನ ಅಲ್ವಾ ಎಂದು ಕೇಳುತ್ತಾರೆ. ಲಿಂಕ್‌ನಲ್ಲಿ ಕಟ್ಟಿದ ದುಡ್ಡು ನೇರ ನನ್ನ ಖಾತೆಗೆ ಬರುವುದಿಲ್ಲ. ಮೊದಲು ಲಿಂಕ್ ಕಂಪನಿಗೆ ಹೋಗುತ್ತದೆ, ಅಲ್ಲಿಂದ ನನಗೆ ಬರಲು ಬ್ಯಾಂಕಿನ ಎರಡು ಕೆಲಸದ ದಿನ ಬೇಕು. ಶುಕ್ರವಾರ ಸಂಜೆ ಕಟ್ಟಿದ್ದು ಮಂಗಳವಾರ ಸಿಕ್ಕಿದರೆ ಆಶ್ಚರ್ಯವಿಲ್ಲ. ಮಧ್ಯೆ ಹಬ್ಬದ ರಜೆ ಬಂದರೆ ಇನ್ನೂ ತಡ. ಹುಬ್ಬಳ್ಳಿ ಮಾರ್ಕೆಟ್‌ನಲ್ಲಿ ‘ದುಡ್ಡು ದಾರಿಯಲ್ಲಿದೆ’ ಎಂದರೆ ಬೀನ್ಸ್ ಕೊಡುವವರು ಯಾರು?

ಕಂತುಗಳನ್ನು ಒಂದು ಲಕ್ಷದ ಒಳಗೆ ಇಟ್ಟಿದ್ದಕ್ಕೂ ಕಾರಣವಿದೆ. ಯುಪಿಐನಲ್ಲಿ ದಿನಕ್ಕೆ ಒಂದು ಲಕ್ಷ ಎನ್ನುವುದು ಸಾಮಾನ್ಯ ಮಿತಿ. ಕೆಲವು ಬ್ಯಾಂಕುಗಳಲ್ಲಿ ಅದಕ್ಕಿಂತ ಕಡಿಮೆ. ಹೊಸದಾಗಿ ಯುಪಿಐ ಹಾಕಿಸಿಕೊಂಡವರಿಗಂತೂ ಮೊದಲ 24 ಗಂಟೆ 5,000 ಮಾತ್ರ. ಮಿತಿ ಅಡ್ಡ ಬಂದರೆ ಅದೇ ಲಿಂಕ್‌ನಲ್ಲಿ ಎರಡು ಭಾಗ ಮಾಡಿ ಕಟ್ಟುವ ಅವಕಾಶ ತೆರೆದಿಡಬಹುದು. ಮೂರನೇ ಕಂತಿಗೆ ನಾನು ಅದನ್ನು ತೆರೆದಿಡುತ್ತೇನೆ. ಮೊದಲ ಕಂತಿಗೆ ಇಲ್ಲ. ತಾರೀಕನ್ನು ಅರ್ಧ ಹಿಡಿಯಲು ಆಗುವುದಿಲ್ಲವಲ್ಲ!

ಮೊದಲ ಲಿಂಕ್‌ಗೆ ಮೂರು ದಿನದ ಗಡುವು. ದಾಟಿದರೆ ಅದು ತೆರೆಯುವುದಿಲ್ಲ, ಆ ತಾರೀಕು ಬೇರೆಯವರು ಕೇಳಿದರೆ ಕೊಡುತ್ತೇನೆ. ನಾಲ್ಕೂ ಲಿಂಕ್ ಒಟ್ಟಿಗೆ ಕಳಿಸುವುದಿಲ್ಲ. ಕಳಿಸಿದರೆ ಯಾವುದು ಕಟ್ಟಿದ್ದು, ಯಾವುದು ಬಿಟ್ಟಿದ್ದು ಎಂದು ಮನೆಯವರೇ ಗೊಂದಲಕ್ಕೆ ಬೀಳುತ್ತಾರೆ. ಅಡಿಕೆ ಬೆಳೆಗಾರರಿಗೆ ಎರಡನೇ ಕಂತನ್ನು ಅವರ ವಿಕ್ರಿ ನೋಡಿಕೊಂಡು ಮುಂಚೆಯೇ ಕಟ್ಟಲೂ ಬಿಡುತ್ತೇನೆ. ಈ ಮನೆಯವರು ಮಾರ್ಚ್‌ನಲ್ಲೇ ಕಟ್ಟಿ ಹಗುರಾದರು.

ಕಟ್ಟಾದ ಮೇಲೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಪಾಪ, ಕಳಿಸಲಿ. ಆದರೆ ನಾನು ನೋಡುವುದು ನನ್ನ ಪರದೆಯಲ್ಲಿ ಆ ಲಿಂಕ್ ಎದುರು ‘Paid’ ಎಂದು ಬಂದಿದೆಯಾ ಎಂದು. ಈ ಮದುವೆಯ ಎರಡನೇ ಕಂತಿನಲ್ಲಿ ಮಗನ ಖಾತೆಯಿಂದ ದುಡ್ಡು ಹೋಗಿತ್ತು, ನನ್ನ ಕಡೆ ಏನೂ ಕಾಣುತ್ತಿರಲಿಲ್ಲ. ಅವನು ಇನ್ನೊಮ್ಮೆ ಕಟ್ಟಲು ಹೊರಟಿದ್ದ. ಪತ್ರದ ಸಾಲು ನೆನಪು ಮಾಡಿದೆ: ‘ಪೆಂಡಿಂಗ್ ಎಂದು ಬಂದರೆ ಎರಡನೇ ಸಲ ಕಟ್ಟಬೇಡಿ. ಯುಪಿಐನ 12 ಅಂಕಿಯ ನಂಬರ್ ಕಳಿಸಿ, ಕಾಯಿರಿ.’ ಸಂಜೆಯ ಹೊತ್ತಿಗೆ ತಾನಾಗೇ ‘Paid’ ಆಯಿತು. ಆಗದೇ ಇದ್ದಿದ್ದರೆ ಬ್ಯಾಂಕ್ ಅವನಿಗೇ ವಾಪಸ್ ಹಾಕುತ್ತಿತ್ತು.

ಲಿಂಕ್ ಕಂಪನಿ ನನ್ನಿಂದ 2% ಕಮಿಷನ್, ಅದರ ಮೇಲೆ 18% ಜಿಎಸ್‌ಟಿ ಹಿಡಿಯುತ್ತದೆ. 18,900ಕ್ಕೆ ಸುಮಾರು 446 ರೂಪಾಯಿ ಹೋಗುತ್ತದೆ. ಅದನ್ನು ಬೇರೆಯಾಗಿ ಕೇಳುವುದಿಲ್ಲ, ಎಲೆ ದರದಲ್ಲೇ ಸೇರಿಸಿದ್ದೇನೆ. ಎಲ್ಲರಿಗೂ ಒಂದೇ ದರ, ಒಂದೇ ಮಾತು. ಜಿಎಸ್‌ಟಿ ನೋಂದಣಿ ಇರುವುದರಿಂದ ಅಡ್ವಾನ್ಸ್ ಬಂದ ತಿಂಗಳೇ ಅದರ ಮೇಲಿನ ತೆರಿಗೆ ತೋರಿಸಬೇಕು. ಅದಕ್ಕೇ ಪ್ರತಿ ಕಂತಿಗೂ ತೆರಿಗೆ ಸೇರಿಸಿಯೇ ಲಿಂಕ್ ಮಾಡುವುದು, ಪ್ರತಿ ಕಂತಿಗೂ ರಶೀದಿ ಕೊಡುವುದು.

ಪತ್ರದಲ್ಲಿ ಜಾಸ್ತಿ ಹೊತ್ತು ಯೋಚಿಸಿ ಬರೆದದ್ದು ಮದುವೆ ಮುಂದೆ ಹೋದರೆ ಏನು ಎನ್ನುವ ಭಾಗ. ನಮ್ಮ ಕಡೆ ಸೂತಕ ಬಂದರೆ ಮದುವೆ ನಿಲ್ಲುತ್ತದೆ. ಆಗ ಕಟ್ಟಿದ ದುಡ್ಡೆಲ್ಲಾ ಹೊಸ ತಾರೀಕಿಗೆ ಹೋಗುತ್ತದೆ, ಆ ದಿನ ನಾನು ಖಾಲಿ ಇರಬೇಕು ಅಷ್ಟೆ. ಮದುವೆಯೇ ಮುರಿದರೆ ಮೊದಲ ಕಂತು ವಾಪಸ್ ಇಲ್ಲ. ಎರಡನೆಯದರಲ್ಲಿ ಆಳುಗಳಿಗೆ ಕೊಟ್ಟ ಮುಂಗಡ ಕಳೆದು ಉಳಿದದ್ದು ವಾಪಸ್. ಅಕ್ಕಿ ಬೆಲ್ಲ ಮುಂದಿನ ಮದುವೆಗೆ ಆಗುತ್ತದೆ. ದುಡ್ಡು ಎಲ್ಲಿಂದ ಬಂತೋ ಅದೇ ಖಾತೆಗೆ ಹೋಗುತ್ತದೆ, ಒಂದು ವಾರ ಹಿಡಿಯಬಹುದು. ಮಗ ಕಟ್ಟಿದ್ದರೆ ಅಪ್ಪನ ಖಾತೆ ನೋಡಿ ಪ್ರಯೋಜನವಿಲ್ಲ.

ಮದುವೆ ದಿನ ಎಲೆ 640 ಆಯಿತು. ನಲವತ್ತು ಜಾಸ್ತಿ, 10,000 ರೂಪಾಯಿ, ತೆರಿಗೆ ಸೇರಿ 10,500. ಎಲೆ ಎಣಿಸುವಾಗ ಅವರ ಮನೆಯವರೊಬ್ಬರು, ನಮ್ಮವನೊಬ್ಬ ಇದ್ದರು. ಹಾಗಾಗಿ 48,300ರ ಕೊನೆಯ ಲಿಂಕ್ ಬಗ್ಗೆ ಮಾತೇ ಬರಲಿಲ್ಲ. ಎಲೆ ಕಡಿಮೆಯಾದರೆ ಹೇಳಿದ ಲೆಕ್ಕದ ಹತ್ತರಲ್ಲಿ ಒಂಬತ್ತು ಪಾಲಿನ ತನಕ ಇಳಿಸುತ್ತೇನೆ, ಅದಕ್ಕಿಂತ ಕೆಳಗೆ ಇಲ್ಲ. ಅಡಿಗೆ ಅಷ್ಟಕ್ಕೇ ಆಗಿರುತ್ತದೆ.

ಲಿಂಕ್ ಬೇಡವೇ ಬೇಡ, ನಗದು ಕೊಡುತ್ತೇನೆ ಎನ್ನುವ ಹಿರಿಯರೂ ಇದ್ದಾರೆ. ತೆಗೆದುಕೊಳ್ಳುತ್ತೇನೆ, ಅದೇ ತಾರೀಕು, ಅದೇ ಕಂತು, ಅದೇ ರಶೀದಿ. ಆದರೆ ಒಂದೇ ಸಮಾರಂಭಕ್ಕೆ ಒಬ್ಬರಿಂದ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ಪಡೆಯಲು ಕಾನೂನಿನಲ್ಲಿ ಅವಕಾಶವಿಲ್ಲ. ಕಂತು ಮಾಡಿ ಕೊಟ್ಟರೂ ಒಟ್ಟು ಲೆಕ್ಕವೇ ನೋಡುತ್ತಾರೆ. ದೊಡ್ಡ ಮದುವೆಯವರಿಗೆ ಪತ್ರದಲ್ಲಿ ಈ ಸಾಲನ್ನು ಕೆಂಪು ಪೆನ್ನಿನಲ್ಲಿ ಬರೆದು ಕೊಡುತ್ತೇನೆ.