ಮಾತು ಯಾರದ್ದು? ಕಥೆಯಲ್ಲಿ ಸಂಭಾಷಣೆ ಬರೆಯುವ ಕ್ರಮ

ಮಳೆಗಾಲ ಶುರುವಾಯಿತೆಂದರೆ ನಮ್ಮೂರಿನ ಕಥಾ ಸ್ಪರ್ಧೆಯ ಹಸ್ತಪ್ರತಿಗಳ ಕಟ್ಟು ನನ್ನ ಮೇಜಿಗೆ ಬರುತ್ತದೆ. ಮೊದಲ ಸುತ್ತು ಓದುವವನು ನಾನು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹುಡುಗ ಹುಡುಗಿಯರು ಮಾತನ್ನು ಚೆನ್ನಾಗಿಯೇ ಕೇಳಿಸಿಕೊಂಡಿರುತ್ತಾರೆ. ಹಾಳೆಯ ಮೇಲೆ ಇಳಿಸುವಾಗ ಮಾತ್ರ ಯಾರು ಏನು ಹೇಳಿದರು ಎಂಬುದೇ ತಿಳಿಯದ ಹಾಗೆ ಕಲಸಿಬಿಡುತ್ತಾರೆ. ಹೆಸರು ಬದಲಿಸಿ ಒಂದು ತುಣುಕು ಕೊಡುತ್ತೇನೆ, ನೋಡಿ:

ಸುಬ್ಬಣ್ಣ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ. “ಎಂತ ಮಾರಾಯ, ಮಂಡಿಗೆ ಹೋಗಿದ್ಯಾ?,” ಎಂದ. “ಹೋಗಿದ್ದೆ.......” ಗೋಪಾಲ ಕೊಡೆ ಮಡಚಿ ಗೋಡೆಗೆ ಒರಗಿಸಿದ. “ರೇಟು ಹೆಂಗೆ?” “ಇಳಿದಿದೆ.” ಮೆಟ್ಟುಗತ್ತಿಯ ಮೇಲೆ ಸುಬ್ಬಣ್ಣನ ಕೈ ನಿಂತಿತು. “ಯಾರು ಹೇಳಿದ್ದು” ಎಂದು ಕೇಳಿದ? “ಸಾಹುಕಾರ್ರೇ. ಇನ್ನೆರಡು ದಿನ ನೋಡೋಣ ಅಂದ್ರು”.

ಇದನ್ನೇ ಹಂತ ಹಂತವಾಗಿ ಸರಿಮಾಡೋಣ.

ಮೊದಲು, ಉದ್ಧರಣ ಚಿಹ್ನೆ ಬೇಕೋ ಬೇಡವೋ ನೋಡಿ. ಕನ್ನಡದಲ್ಲಿ ‘ಎಂದು’, ‘ಅಂತ’ ಎನ್ನುವುದೇ ಮಾತು ಮುಗಿಯಿತೆಂದು ತೋರಿಸುತ್ತದೆ. ಬಳ್ಳಿಗಾವೆಯ ಶಾಸನಗಳಲ್ಲಿ ಉದ್ಧರಣ ಚಿಹ್ನೆ ಎಲ್ಲಿತ್ತು? ಹಾಗಾಗಿ ‘ಎಂದು’ ಕಂಡಲ್ಲೆಲ್ಲ ಚಿಹ್ನೆ ಹಾಕಬೇಕಾಗಿಲ್ಲ. ಪಾತ್ರದ ಬಾಯಿಂದ ಬಂದ ಮಾತು ಬಂದ ಹಾಗೇ ಇದ್ದರೆ ಮಾತ್ರ ಹಾಕಿ. “ನಾನು ನಾಳೆ ಬರ್ತೀನಿ” ಎಂದು ಗೋಪಾಲ ಹೇಳಿದ, ಇದಕ್ಕೆ ಬೇಕು. ತಾನು ನಾಳೆ ಬರುತ್ತೇನೆ ಎಂದು ಗೋಪಾಲ ಹೇಳಿದ, ಇದಕ್ಕೆ ಬೇಡ. ಈ ‘ತಾನು’ ಗೋಪಾಲನ ಬಾಯಲ್ಲಿ ಬಂದದ್ದಲ್ಲ, ಕಥೆ ಹೇಳುವವನು ಹಾಕಿದ್ದು. ‘ಬರುತ್ತೇನೆಂದ’ ಎಂದು ಸಂಧಿ ಮಾಡಿದ್ದರಂತೂ ಚಿಹ್ನೆಗೆ ಜಾಗವೇ ಇಲ್ಲ.

ಎರಡನೆಯದು, ಪ್ರಶ್ನೆ ಯಾರದ್ದೋ ಚಿಹ್ನೆ ಅವರಿಗೆ. “ಯಾರು ಹೇಳಿದ್ದು” ಎಂದು ಕೇಳಿದ? ಎಂದು ಬರೆದರೆ ಕಥೆಗಾರನೇ ಓದುಗನನ್ನು ಕೇಳಿದ ಹಾಗಾಗುತ್ತದೆ. ಕೇಳಿದವನು ಸುಬ್ಬಣ್ಣ, ಆದ್ದರಿಂದ ಪ್ರಶ್ನಾರ್ಥಕ ಚಿಹ್ನೆ ಉದ್ಧರಣದ ಒಳಗೆ ಬರಬೇಕು. ಒಳಗೆ ಅದು ಬಂದಮೇಲೆ ಜೊತೆಗೆ ಅಲ್ಪವಿರಾಮ ಬೇಡ.

ಸಾದಾ ವಾಕ್ಯವಾದರೆ ‘ಎಂದ’ ಮುಂಚೆ ಅಲ್ಪವಿರಾಮ ಹಾಕಬೇಕೆ? ಕೆಲವು ಪ್ರಕಾಶಕರು ಹಾಕುತ್ತಾರೆ. ನನ್ನನ್ನು ಕೇಳಿದರೆ ಬೇಡ. “ಇಳಿದಿದೆ” ಎಂದ, ಇಷ್ಟು ಸಾಕು, ‘ಎಂದ’ ತಾನಾಗಿಯೇ ಮಾತಿಗೆ ಅಂಟಿಕೊಳ್ಳುತ್ತದೆ. ಪೂರ್ಣವಿರಾಮ ಹಾಕುವುದಂತೂ ತಪ್ಪು, ವಾಕ್ಯ ಇನ್ನೂ ಮುಗಿದಿಲ್ಲವಲ್ಲ. ‘ಎಂದ’ ಇಲ್ಲದೆ ಮಾತೊಂದೇ ನಿಂತಿದ್ದರೆ ಪೂರ್ಣವಿರಾಮ ಚಿಹ್ನೆಯ ಒಳಗೆ ಬರುತ್ತದೆ: “ಇಳಿದಿದೆ.” ಮಾತಿನ ನಡುವೆ ‘ಎಂದ’ ತೂರಿಸುವವರು ಎರಡೂ ಕಡೆ ಅಲ್ಪವಿರಾಮ ಹಾಕಲಿ: “ನಾಳೆ,” ಎಂದ ಸುಬ್ಬಣ್ಣ, “ಮಂಡಿಗೆ ನಾನೇ ಹೋಗ್ತೀನಿ.” ಈ ಕಟ್ಟನ್ನು ಪುಟಕ್ಕೊಂದಕ್ಕಿಂತ ಹೆಚ್ಚು ಬಳಸಬೇಡಿ. ಎಷ್ಟೋ ಕಥೆಗಳಲ್ಲಿ ಅದು ಬಿಕ್ಕಳಿಕೆಯ ಹಾಗೆ ಬರುತ್ತಿರುತ್ತದೆ.

ಚುಕ್ಕಿ ಮೂರೇ. ಏಳು ಹಾಕಿದರೆ ಮೌನ ಉದ್ದವಾಗುವುದಿಲ್ಲ.

ಮೂರನೆಯದು ಪ್ಯಾರಾ. ಹತ್ತರಲ್ಲಿ ಎಂಟು ಮಂದಿ ಮುಗ್ಗರಿಸುವುದು ಇಲ್ಲೇ. ಮಾತಾಡುವವರು ಬದಲಾದರೆ ಪ್ಯಾರಾ ಬದಲಾಗಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಮಾತಿನ ಜೊತೆಗಿರುವ ಕೆಲಸಗಳಿಗೆ, ಅಂದರೆ ಕೊಡೆ ಮಡಚುವುದು, ಕೈ ನಿಲ್ಲುವುದು, ಇವಕ್ಕೆ ಯಾವ ಪ್ಯಾರಾ ಎಂಬುದನ್ನು ಯೋಚಿಸುವುದಿಲ್ಲ. ಕೆಲಸ ಯಾರದ್ದೋ ಅವರ ಮಾತಿನ ಪ್ಯಾರಾದಲ್ಲೇ ಅದು ಇರಬೇಕು. ಒಂದೇ ಪ್ಯಾರಾದಲ್ಲಿ ಮಾತಿನ ಪಕ್ಕ ಒಬ್ಬನ ಹೆಸರು ಕಂಡರೆ ಓದುಗ ಆ ಮಾತನ್ನು ಅವನ ಲೆಕ್ಕಕ್ಕೇ ಹಾಕುತ್ತಾನೆ.

ಮೇಲಿನ ತುಣುಕಿಗೇ ಮರಳಿ ಬನ್ನಿ. “ಇಳಿದಿದೆ.” ಮೆಟ್ಟುಗತ್ತಿಯ ಮೇಲೆ ಸುಬ್ಬಣ್ಣನ ಕೈ ನಿಂತಿತು. ಇದನ್ನು ಓದಿದವರಿಗೆ ಇಳಿದಿದೆ ಎಂದವನೇ ಸುಬ್ಬಣ್ಣ. ಬೆಲೆ ಕೇಳಿ ಕೈ ಸೋತವನು ಬೆಲೆ ಹೇಳಿದವನಾಗಿಬಿಟ್ಟ! ಕಥೆಯ ಜೀವವೇ ಆ ಕೈ ನಿಂತ ಗಳಿಗೆಯಲ್ಲಿತ್ತು. ಅದು ಒಂದು ಸಾಲು ಮೇಲಿದ್ದದ್ದಕ್ಕೆ ಹಾಳಾಯಿತು. ಹೀಗೆ ಬಿಡಿಸಿ:

ಸುಬ್ಬಣ್ಣ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ. “ಎಂತ ಮಾರಾಯ, ಮಂಡಿಗೆ ಹೋಗಿದ್ಯಾ?” ಎಂದ.

“ಹೋಗಿದ್ದೆ...” ಗೋಪಾಲ ಕೊಡೆ ಮಡಚಿ ಗೋಡೆಗೆ ಒರಗಿಸಿದ.

“ರೇಟು ಹೆಂಗೆ?”

“ಇಳಿದಿದೆ.”

ಮೆಟ್ಟುಗತ್ತಿಯ ಮೇಲೆ ಸುಬ್ಬಣ್ಣನ ಕೈ ನಿಂತಿತು. “ಯಾರು ಹೇಳಿದ್ದು?”

“ಸಾಹುಕಾರ್ರೇ. ‘ಇನ್ನೆರಡು ದಿನ ನೋಡೋಣ’ ಅಂದ್ರು.”

ಪದಗಳನ್ನು ನಾನು ಹೆಚ್ಚುಕಡಿಮೆ ಮುಟ್ಟಿಲ್ಲ. ‘ಎಂದು ಕೇಳಿದ’ ಒಂದನ್ನು ತೆಗೆದೆ, ಕೈ ನಿಂತದ್ದೇ ಯಾರ ಮಾತೆಂದು ಹೇಳುತ್ತಿದೆ. ನಡುವಿನ ಎರಡು ಸಾಲಿಗೆ ಹೆಸರೇ ಇಲ್ಲ, ಆದರೂ ಗೊಂದಲವಿಲ್ಲ. ಜಗಲಿಯಲ್ಲಿ ಇರುವವರು ಇಬ್ಬರೇ, ಪ್ಯಾರಾ ಸರದಿಯಂತೆ ಬದಲಾಗುತ್ತಿದೆ. ಹೀಗೆ ಹೆಸರಿಲ್ಲದೆ ನಾಲ್ಕೈದು ಸಾಲು ಹೋಗಬಹುದು, ಆಮೇಲೆ ಒಮ್ಮೆ ಹೆಸರು ತನ್ನಿ. ಒಳಗಿಂದ ಪಾರ್ವತಕ್ಕ ಕಾಫಿ ಲೋಟ ಹಿಡಿದು ಬಂದಳೋ, ಮೂವರಾದರು. ಆಗ ಪ್ರತಿ ಮಾತಿಗೂ ಯಾರೆಂಬ ಸುಳಿವು ಬೇಕು. ಇನ್ನು ಗೋಪಾಲ ಉತ್ತರ ಕೊಡದೆ ಸುಮ್ಮನೆ ತಲೆಯಾಡಿಸಿದರೆ? ಅದೂ ಅವನ ಸರದಿಯೇ. ಮಾತಿಲ್ಲದಿದ್ದರೂ ಅವನಿಗೊಂದು ಪ್ಯಾರಾ ಕೊಡಿ.

ಕೊನೆಯ ಸಾಲಿನಲ್ಲಿ ಸಾಹುಕಾರರ ಮಾತು ಗೋಪಾಲನ ಮಾತಿನೊಳಗಿದೆ, ಅದಕ್ಕೆ ಒಂಟಿ ಚಿಹ್ನೆ. ನಮ್ಮ ಕಡೆ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸದೆ ಯಾರೂ ಮಾತಾಡುವುದಿಲ್ಲವಾದ್ದರಿಂದ ಇದು ಪದೇ ಪದೇ ಬೇಕಾಗುತ್ತದೆ.

ಒಬ್ಬರೇ ಉದ್ದಕ್ಕೆ ಮಾತಾಡಿದರೆ ಲೆಕ್ಕ ಸ್ವಲ್ಪ ಬೇರೆ. ಸಾಗರದ ಕಡೆಯ ಕಥೆಗಳಲ್ಲಿ ಒಬ್ಬ ಅಜ್ಜಿ ಇದ್ದೇ ಇರುತ್ತಾಳೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ನೀರಿನಲ್ಲಿ ಮನೆ ಮುಳುಗಿದ ಕಥೆಯನ್ನು ಮೂರು ಪ್ಯಾರಾ ಹೇಳುತ್ತಾಳೆ. ಅಜ್ಜಿ ಬದಲಾಗಿಲ್ಲ, ಆದ್ದರಿಂದ ಮೊದಲೆರಡು ಪ್ಯಾರಾಗಳ ಕೊನೆಯಲ್ಲಿ ಚಿಹ್ನೆ ಮುಚ್ಚಬೇಡಿ. ಪ್ರತಿ ಪ್ಯಾರಾದ ಆರಂಭದಲ್ಲಿ ತೆರೆಯುವ ಚಿಹ್ನೆ ಹಾಕಿ, ಮುಚ್ಚುವುದು ಮೂರನೆಯದರ ಕೊನೆಯಲ್ಲಿ ಒಂದೇ ಸಲ. ಎರಡೇ ಪ್ಯಾರಾ ಇದ್ದರೆ ಹೀಗೆ:

“ನೀರು ಬರ್ತದೆ ಅಂದ್ರು, ನಾವು ನಂಬ್ಲಿಲ್ಲ.

“ಕೊಟ್ಟಿಗೆ ಬಾಗಿಲಿಗೆ ಬಂದ ಮೇಲೆ ನಂಬಿದ್ವಿ.”

ಮೊದಲ ಸಾಲಿನ ಕೊನೆಯಲ್ಲೂ ಮುಚ್ಚಿದರೆ ಮುಳುಗಡೆಯ ಇಬ್ಬರು ಅಜ್ಜಿಯರು ಮಾತಾಡಿಕೊಂಡ ಹಾಗೆ ಕಾಣುತ್ತದೆ. ಒಂದು ಹಸ್ತಪ್ರತಿಯಲ್ಲಿ ಎರಡನೇ ಅಜ್ಜಿ ಯಾರೆಂದು ಹುಡುಕುತ್ತ ನಾನು ಹಿಂದಿನ ಮೂರು ಪುಟ ತಿರುವಿದ್ದೇನೆ.

ಟೈಪು ಮಾಡುವವರಿಗೆ ಒಂದು ಮಾತು. ಬಾಗಿದ ಚಿಹ್ನೆಯನ್ನು ಕಂಪ್ಯೂಟರ್ ತಾನೇ ಹಾಕುವಾಗ, ಹಿಂದೆ ಖಾಲಿ ಜಾಗವಿದ್ದರೆ ತೆರೆಯುವುದನ್ನೂ ಅಕ್ಷರ ಇದ್ದರೆ ಮುಚ್ಚುವುದನ್ನೂ ಹಾಕುತ್ತದೆ. ಉದ್ದ ಅಡ್ಡಗೆರೆಯ ನಂತರ ಮಾತು ಶುರುಮಾಡಿದರೆ ಹೆಚ್ಚಾಗಿ ತಿರುವುಮುರುವಾದ ಚಿಹ್ನೆ ಬೀಳುತ್ತದೆ. ಮೊಬೈಲಿನಲ್ಲಿ ಬರೆದು ಕಂಪ್ಯೂಟರಿಗೆ ತಂದವರ ಕಥೆಯಲ್ಲಿ ಅರ್ಧ ನೇರ ಚಿಹ್ನೆ, ಅರ್ಧ ಬಾಗಿದ್ದು. ಯಾವುದಾದರೂ ಒಂದೇ ಇರಲಿ.

ಕೊನೆಗೆ ಪೆನ್ಸಿಲ್ ಪರೀಕ್ಷೆ. ಕಥೆಯನ್ನು ಮುದ್ರಿಸಿ, ಪ್ರತಿ ಪ್ಯಾರಾದ ಪಕ್ಕ ಅದರಲ್ಲಿ ಮಾತಾಡುವವರ ಅಥವಾ ಕೆಲಸ ಮಾಡುವವರ ಮೊದಲ ಅಕ್ಷರ ಬರೆಯಿರಿ: ಸು, ಗೋ, ಪಾ. ಒಂದೇ ಪ್ಯಾರಾಕ್ಕೆ ಎರಡು ಅಕ್ಷರ ಬಿದ್ದರೆ ಅಲ್ಲಿ ಒಡೆಯಿರಿ. ಯಾವ ಅಕ್ಷರ ಬರೆಯಬೇಕೆಂದು ನಿಮಗೇ ಹೊಳೆಯದೆ ಪೆನ್ಸಿಲ್ ನಿಂತರೆ ಅಲ್ಲಿ ಹೆಸರು ಸೇರಿಸಿ.