ಆಟೊ ಬಾಡಿಗೆ ಕಡಿತವಾಯಿತು, ಸೌಂಡ್‌ಬಾಕ್ಸ್ ಸುಮ್ಮನಿದೆ: ಈಗೇನು ಮಾಡಬೇಕು?

ಮೀಟರ್ 90 ರೂಪಾಯಿ ತೋರಿಸುತ್ತಿದೆ. ಪ್ರಯಾಣಿಕರು ಸೀಟಿನ ಹಿಂಬದಿಗೆ ಅಂಟಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುತ್ತಾರೆ.

‘ಅಣ್ಣಾ, ಇದು ಯಾರ ಹೆಸರಿನಲ್ಲಿದೆ?’

‘ನನ್ನ ಹೆಂಡತಿಯ ಖಾತೆ ಮೇಡಂ. ಲಕ್ಷ್ಮಮ್ಮ ಎಂದು ಬರಬೇಕು.’

ಮೊದಲ ಹೆಜ್ಜೆ ಇದೇ. ಪರದೆಯ ಮೇಲೆ ಬಂದ ಹೆಸರನ್ನು ನೀವು ಓದಿ ಹೇಳಬೇಡಿ, ಚಾಲಕರ ಬಾಯಿಂದಲೇ ಕೇಳಿ. ಸ್ಟಿಕರ್ ಮೇಲೆ ಇನ್ನೊಬ್ಬರ ಸ್ಟಿಕರ್ ಅಂಟಿಸಿದ್ದರೆ ಇಲ್ಲಿಯೇ ಗೊತ್ತಾಗುತ್ತದೆ. ನಂತರ ಮೊತ್ತ ಹಾಕಿ, 90ರ ಮುಂದೆ ಇನ್ನೊಂದು ಸೊನ್ನೆ ಸೇರಿಲ್ಲ ಎಂದು ನೋಡಿಕೊಂಡು ಪಿನ್ ಒತ್ತಿ.

‘ದುಡ್ಡು ಹೋಯಿತು ಅಣ್ಣಾ. ಬ್ಯಾಂಕಿನಿಂದ ಎಸ್‌ಎಂಎಸ್ ಕೂಡ ಬಂತು.’

‘ನನ್ನ ಸೌಂಡ್‌ಬಾಕ್ಸ್ ಏನೂ ಹೇಳಲಿಲ್ಲವಲ್ಲ ಮೇಡಂ. ಇನ್ನೊಮ್ಮೆ ಹಾಕಿಬಿಡಿ.’

ಜಗಳ ಹುಟ್ಟುವುದು ಇಲ್ಲಿ. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಸೌಂಡ್‌ಬಾಕ್ಸ್‌ಗೆ ತನ್ನದೇ ನೆಟ್‌ವರ್ಕ್ ಬೇಕು, ಚಾರ್ಜ್ ಬೇಕು. ಅದು ಸುಮ್ಮನಿದ್ದರೂ ಹಣ ಖಾತೆಗೆ ಬಂದಿರಬಹುದು. ಹಾಗಾಗಿ ಎರಡನೇ ಸಲ ಪಾವತಿಸುವ ಮೊದಲು ನಿಮ್ಮ ಆ್ಯಪ್‌ನ ವಹಿವಾಟಿನ ಪಟ್ಟಿ ತೆರೆಯಿರಿ. ಯಶಸ್ವಿ ಎಂದಿದ್ದರೆ ಅದರ ಕೆಳಗಿರುವ 12 ಅಂಕಿಯ ಯುಟಿಆರ್ ಸಂಖ್ಯೆಯನ್ನು ಚಾಲಕರಿಗೆ ಓದಿ ಹೇಳಿ. ಅವರು ತಮ್ಮ ಆ್ಯಪ್‌ನಲ್ಲಿ ಅದೇ ಸಂಖ್ಯೆ, ಅದೇ 90 ರೂಪಾಯಿ ಇದೆಯೇ ಎಂದು ನೋಡಲಿ. ಖಾತೆ ಹೆಂಡತಿಯದಾದರೆ ಒಂದು ಫೋನ್ ಕರೆ ಸಾಕು. ಪ್ರಯಾಣಿಕರ ಮೊಬೈಲಿನ ಹಸಿರು ಟಿಕ್ ನೋಡಿ ಚಾಲಕರು ಒಪ್ಪಬೇಕಾಗಿಲ್ಲ. ಅಂಥದ್ದೇ ಚಿತ್ರ ತೋರಿಸುವ ನಕಲಿ ಆ್ಯಪ್‌ಗಳಿವೆ, ಅವರ ಅನುಮಾನಕ್ಕೆ ಬೇಸರಪಡಬೇಡಿ.

‘ಇಲ್ಲಿ ಪೆಂಡಿಂಗ್ ಎಂದು ತೋರಿಸುತ್ತಿದೆ ಅಣ್ಣಾ.’

‘ಹಾಗಾದರೆ ನಗದು ಕೊಡಿ ಮೇಡಂ. ಆಮೇಲೆ ಬಂದರೆ ವಾಪಸ್ ಹಾಕುತ್ತೇನೆ.’

ಪೆಂಡಿಂಗ್ ಎಂದರೆ ಹಣ ಅತ್ತ ಸೇರಲೂಬಹುದು, ಇತ್ತ ಮರಳಲೂಬಹುದು. ಒಂದೆರಡು ನಿಮಿಷ ಕಾದರೂ ಬದಲಾಗದಿದ್ದರೆ ನಗದು ಕೊಟ್ಟು, ಚಾಲಕರ ಮೊಬೈಲ್ ಸಂಖ್ಯೆ ಪಡೆದು, ಯುಟಿಆರ್ ಇರುವ ಪರದೆಯ ಚಿತ್ರ ಉಳಿಸಿಕೊಳ್ಳಿ. ಹಣ ವಾಪಸ್ ಪಡೆಯಲು ನೀವು ಪಿನ್ ಹಾಕಬೇಕಾಗಿಲ್ಲ, ಪಿನ್ ಬೇಕಿರುವುದು ಕಳುಹಿಸಲು, ಪಡೆಯಲು ಅಲ್ಲ.

ಕಡಿತವಾದ ಹಣ ಚಾಲಕರ ಖಾತೆಗೆ ಸೇರದಿದ್ದರೆ ಬ್ಯಾಂಕೇ ಅದನ್ನು ಹಿಂದಿರುಗಿಸಬೇಕು. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ವ್ಯಕ್ತಿಯ ಖಾತೆಗೆ ಕಳುಹಿಸಿದ್ದರೆ ಮರುದಿನದೊಳಗೆ, ವ್ಯಾಪಾರಿ ಖಾತೆಗಾದರೆ ಐದು ದಿನದೊಳಗೆ. ಗಡುವು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆಗ ಆ್ಯಪ್‌ನಲ್ಲಿ ಅದೇ ವಹಿವಾಟನ್ನು ಒತ್ತಿ ದೂರು ದಾಖಲಿಸಿ. ಬಗೆಹರಿಯದಿದ್ದರೆ ಯುಟಿಆರ್ ಸಂಖ್ಯೆಯೊಂದಿಗೆ ನಿಮ್ಮ ಬ್ಯಾಂಕಿಗೆ ಬರೆಯಿರಿ.