ನಾಲ್ಕು ಚುಕ್ಕಿ, ಒಂದು ಗೆರೆ: ಕನ್ನಡ ಮಾಡೆಲ್‌ಗಳಲ್ಲಿ ಸ್ಕೇಲಿಂಗ್ ಲಾ ಅಳೆದ ನನ್ನ ಅನುಭವ

ಮುಂದಿನ ಪದ ಊಹಿಸುವ ಭಾಷಾ ಮಾಡೆಲ್ ದೊಡ್ಡದಾದರೆ, ಅದಕ್ಕೆ ಓದಿಸುವ ಪಠ್ಯವೂ ಹೆಚ್ಚಾದರೆ, ತಪ್ಪು ಎಷ್ಟು ಕಡಿಮೆಯಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಹೇಳಬಹುದು. ಇದನ್ನೇ ಸ್ಕೇಲಿಂಗ್ ಲಾ ಅನ್ನುತ್ತಾರೆ. 2020ರಲ್ಲಿ ಓಪನ್‌ಎಐನ ಜೇರೆಡ್ ಕ್ಯಾಪ್ಲನ್ ಮತ್ತು ಸಂಗಡಿಗರ ಪ್ರಬಂಧ ಓದಿದಾಗಿನಿಂದ ನನಗೊಂದು ಆಸೆ ಇತ್ತು. ಈ ಗೆರೆ ಕನ್ನಡದಲ್ಲೂ ಹಾಗೇ ಬರುತ್ತದಾ? ಬಂದರೆ ಎಲ್ಲಿಯವರೆಗೆ? ನನ್ನ ಬಳಿ ಇದ್ದದ್ದು ಬಾಡಿಗೆಗೆ ತಗೊಂಡ ಒಂದು ಜಿಪಿಯು ಕಾರ್ಡ್ ಮತ್ತು ವರ್ಷಗಳಿಂದ ಕೂಡಿಟ್ಟ ಕನ್ನಡ ಪಠ್ಯ. ಅಷ್ಟರಲ್ಲೇ ಮಾಡಿದೆ.

ಮೊದಲು ಪಠ್ಯ. ಕೂಡಿಟ್ಟದ್ದು ಸುಮಾರು 70 ಕೋಟಿ ಟೋಕನ್, ಅಂದರೆ ಮಾಡೆಲ್ ಓದುವ ಪದದ ತುಂಡು, ಇತ್ತು. ಆದರೆ ಒಂದೇ ಸುದ್ದಿ ನಾಲ್ಕಾರು ಕಡೆ ಪದ ಬದಲಾಗದೆ ಪ್ರಕಟವಾಗಿರುತ್ತದೆ. ಅಂಥ ನಕಲುಗಳನ್ನು ತೆಗೆದ ಮೇಲೆ ಉಳಿದದ್ದು 40 ಕೋಟಿ. ಈ ಕೆಲಸ ಬಿಟ್ಟರೆ ಮುಂದಿನ ಅಳತೆಯೆಲ್ಲ ಸುಳ್ಳಾಗುತ್ತದೆ. ಪರೀಕ್ಷೆಗೆಂದು ತೆಗೆದಿಟ್ಟ ಪಠ್ಯದ ನಕಲು ಟ್ರೈನಿಂಗ್‌ನಲ್ಲೂ ಇದ್ದರೆ, ದೊಡ್ಡ ಮಾಡೆಲ್ ಅದನ್ನು ಬಾಯಿಪಾಠ ಮಾಡಿಕೊಂಡು ಜಾಣನಂತೆ ಕಾಣುತ್ತದೆ. ಪಠ್ಯವನ್ನು ಟೋಕನ್‌ಗಳಾಗಿ ಒಡೆಯುವ ಟೋಕನೈಸರ್ ಎಲ್ಲ ಮಾಡೆಲ್‌ಗಳಿಗೂ ಒಂದೇ ಇಟ್ಟುಕೊಂಡೆ. ಲಾಸ್ ಅಂದರೆ ಮುಂದಿನ ಟೋಕನ್ ಊಹಿಸುವಾಗಿನ ತಪ್ಪಿನ ಅಳತೆ. ಟೋಕನ್ ಬದಲಾದರೆ ಅಳತೆಗೋಲೇ ಬದಲಾದ ಹಾಗೆ.

ಮಾಡೆಲ್‌ಗಳು ನಾಲ್ಕು: 25 ಲಕ್ಷ, 50 ಲಕ್ಷ, 1 ಕೋಟಿ ಮತ್ತು 2 ಕೋಟಿ ಪ್ಯಾರಾಮೀಟರ್, ಅಂದರೆ ಮಾಡೆಲ್ ಕಲಿಯುತ್ತಾ ತಿದ್ದಿಕೊಳ್ಳುವ ಅಂಕಿಗಳು. ಎಂಬೆಡಿಂಗ್, ಅಂದರೆ ಪದಪಟ್ಟಿಯ ಪ್ರತಿ ಟೋಕನ್‌ಗೆ ಮಾಡೆಲ್ ಇಟ್ಟುಕೊಳ್ಳುವ ಅಂಕಿಗಳು, ಅದನ್ನು ಎಣಿಕೆಗೆ ಸೇರಿಸಲಿಲ್ಲ. ಇಷ್ಟು ಚಿಕ್ಕ ಮಾಡೆಲ್‌ನಲ್ಲಿ ಎಂಬೆಡಿಂಗೇ ಉಳಿದೆಲ್ಲದಕ್ಕಿಂತ ದೊಡ್ಡದಾಗಿಬಿಡುತ್ತದೆ. ಪ್ರತಿ ಪ್ಯಾರಾಮೀಟರ್‌ಗೆ 20 ಟೋಕನ್‌ನಂತೆ ಓದಿಸುವುದು ಎಂದು ಇಟ್ಟುಕೊಂಡೆ. ಹಾಗಾಗಿ 2 ಕೋಟಿಯ ಮಾಡೆಲ್‌ಗೆ ನನ್ನ 40 ಕೋಟಿ ಟೋಕನ್ ಸರಿಯಾಗಿ ಮುಗಿಯುತ್ತಿತ್ತು.

ಈ 20ರ ಲೆಕ್ಕ ನನ್ನದಲ್ಲ, ಡೀಪ್‌ಮೈಂಡ್ ಎಂಬ ಎಐ ಸಂಸ್ಥೆಯದು. ಕ್ಯಾಪ್ಲನ್ ತಂಡದ ಪ್ರಕಾರ ಕಂಪ್ಯೂಟ್, ಅಂದರೆ ಟ್ರೈನಿಂಗ್‌ಗೆ ಬಳಸುವ ಒಟ್ಟು ಲೆಕ್ಕಾಚಾರ, 10 ಪಟ್ಟು ಹೆಚ್ಚಾದರೆ ಮಾಡೆಲನ್ನು 5.5 ಪಟ್ಟು ಹಿಗ್ಗಿಸಬೇಕು, ಪಠ್ಯವನ್ನು 1.8 ಪಟ್ಟು ಹೆಚ್ಚಿಸಿದರೆ ಸಾಕು. 2022ರಲ್ಲಿ ಡೀಪ್‌ಮೈಂಡ್‌ನ ಜೋರ್ಡನ್ ಹಾಫ್‌ಮನ್ ಮತ್ತು ಸಂಗಡಿಗರು 400ಕ್ಕೂ ಹೆಚ್ಚು ಮಾಡೆಲ್‌ಗಳನ್ನು ಟ್ರೈನ್ ಮಾಡಿ, ಎರಡೂ ಸಮಸಮವಾಗಿ ಬೆಳೆಯಬೇಕು ಎಂದರು. ಅದನ್ನು ತೋರಿಸಲು ಚಿಂಚಿಲಾ ಎಂಬ ಮಾಡೆಲ್ ಕಟ್ಟಿದರು. ಅದರಲ್ಲಿ 7,000 ಕೋಟಿ ಪ್ಯಾರಾಮೀಟರ್, ಓದಿಸಿದ್ದು 1.4 ಲಕ್ಷ ಕೋಟಿ ಟೋಕನ್. ಅದು ತನ್ನ ನಾಲ್ಕು ಪಟ್ಟು ದೊಡ್ಡದಾದ ಗೋಫರ್ ಎಂಬ ಹಿಂದಿನ ಮಾಡೆಲನ್ನು, ಹೆಚ್ಚುಕಡಿಮೆ ಅಷ್ಟೇ ಕಂಪ್ಯೂಟ್‌ನಲ್ಲಿ, ಹಿಂದೆ ಹಾಕಿತು.

ಇಬ್ಬರ ಲೆಕ್ಕ ಇಷ್ಟು ಬೇರೆ ಆದದ್ದು ಯಾಕೆ? ಒಂದು ಕಾರಣ ನನಗೆ ಓದಿ ಗೊತ್ತಿತ್ತು. ಆದರೂ ಅದೇ ತಪ್ಪನ್ನು ನಾನೂ ಮಾಡಿದೆ.

ಕೆಲಸ ಸುಲಭವಾಗಲೆಂದು ನಾಲ್ಕೂ ಮಾಡೆಲ್‌ಗಳಿಗೆ ಒಂದೇ ಸೆಟ್ಟಿಂಗ್ ಹಾಕಿದ್ದೆ. ಎಲ್ಲದಕ್ಕೂ 40 ಕೋಟಿ ಟೋಕನ್ ಓದಿಸುವುದು, ಚಿಕ್ಕವುಗಳಿಗೆ ಬೇಕಾದ ಲಾಸನ್ನು ನಡುವೆ ಓದಿಕೊಳ್ಳುವುದು. 50 ಲಕ್ಷದ ಮಾಡೆಲ್ 10 ಕೋಟಿ ಟೋಕನ್ ದಾಟುವಾಗ ಲಾಸ್ 4.78 ಇತ್ತು, ಬರೆದುಕೊಂಡೆ. ಗೆರೆ ಚೆನ್ನಾಗಿ ಬಂತು. ಸ್ವಲ್ಪ ಜಾಸ್ತಿಯೇ ಕಡಿದಾಗಿ ಇಳಿಯಿತು.

ಟ್ರೈನಿಂಗ್ ಗ್ರಾಫ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ವಿಷಯ ಗೊತ್ತಾಯಿತು. ಎಲ್ಲದರಲ್ಲೂ ಕೊನೆಯ ಐದನೇ ಒಂದು ಭಾಗದಲ್ಲಿ ಲಾಸ್ ಬೇಗ ಬೇಗ ಇಳಿದಿತ್ತು. ಅದು ಹೊಸ ಪಠ್ಯದಿಂದ ಬಂದ ಇಳಿಕೆ ಮಾತ್ರ ಅಲ್ಲ. ಲರ್ನಿಂಗ್ ರೇಟ್, ಅಂದರೆ ಪ್ರತಿ ಹೆಜ್ಜೆಯಲ್ಲಿ ಎಷ್ಟು ತಿದ್ದಿಕೊಳ್ಳಬೇಕು ಎಂಬ ಅಳತೆ, ಕೊನೆಯಲ್ಲಿ ಸೊನ್ನೆಯ ಹತ್ತಿರ ಬಂದಾಗ ಮಾಡೆಲ್‌ನ ಪ್ಯಾರಾಮೀಟರ್‌ಗಳು ಅತ್ತಿತ್ತ ಕುಣಿಯುವುದು ನಿಂತು ಒಂದು ಕಡೆ ಕೂರುತ್ತವೆ. ನಡುವೆ ಓದಿಕೊಂಡ ಲಾಸ್‌ಗೆ ಈ ಲಾಭ ಸಿಕ್ಕಿರುವುದಿಲ್ಲ. ಬೇಯುತ್ತಿರುವ ಅನ್ನವನ್ನು ಅರ್ಧಕ್ಕೇ ಇಳಿಸಿ, ಅಕ್ಕಿ ಸರಿ ಇಲ್ಲ ಅಂದ ಹಾಗೆ. ಹೀಗಾಗಿ ಚಿಕ್ಕ ಮಾಡೆಲ್‌ಗಳು ಇರುವುದಕ್ಕಿಂತ ಕೆಟ್ಟದಾಗಿ ಕಂಡವು, ಗಾತ್ರದಿಂದಲೇ ಎಲ್ಲ ಲಾಭ ಬರುತ್ತಿದೆ ಎಂದು ಗೆರೆ ಹೇಳಿತು. ಕ್ಯಾಪ್ಲನ್ ತಂಡದ ಲೆಕ್ಕ ದೊಡ್ಡ ಮಾಡೆಲ್‌ಗಳ ಕಡೆ ವಾಲಿದ್ದಕ್ಕೆ ಚಿಂಚಿಲಾ ತಂಡ ಕೊಟ್ಟ ಕಾರಣವೂ ಇದೇ.

ಮತ್ತೆ ಮಾಡಿದೆ. ಪ್ರತಿ ಮಾಡೆಲ್‌ಗೂ ಅದರದ್ದೇ ಟೋಕನ್ ಲೆಕ್ಕಕ್ಕೆ ಸರಿಯಾಗಿ ಲರ್ನಿಂಗ್ ರೇಟ್ ಇಳಿಯುವಂತೆ. 50 ಲಕ್ಷದ ಮಾಡೆಲ್‌ನ ಲಾಸ್ 4.78ರಿಂದ 4.60ಕ್ಕೆ ಬಂತು. ಪಠ್ಯ ಅಷ್ಟೇ, ಮಾಡೆಲ್ ಅದೇ. ನಾಲ್ಕೂ ಸೇರಿ 5.09, 4.60, 4.19, 3.85.

ಈ ಅಂಕಿಗಳಲ್ಲಿ ಒಂದು ಕ್ರಮ ಇದೆ. ಪ್ರತಿ ಸಲ ಗಾತ್ರ ದುಪ್ಪಟ್ಟಾದಾಗಲೂ ಇಳಿಕೆ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತಾ ಹೋಗಿದೆ: 0.49, 0.41, 0.34. ಯಾಕೆ ಹೀಗೆ? ನನಗೆ ಒಪ್ಪಿಗೆಯಾಗುವ ವಿವರಣೆ ಇದು. ಭಾಷೆಯಲ್ಲಿ ಕಲಿಯುವ ಸಂಗತಿಗಳು ಲೆಕ್ಕವಿಲ್ಲದಷ್ಟು, ಆದರೆ ಎಲ್ಲವೂ ಒಂದೇ ಸಮ ಎದುರಾಗುವುದಿಲ್ಲ. ‘ಅಲ್ಲಿ’, ‘ಇಂದ’, ‘ಅನ್ನು’ ಪ್ರತಿ ಸಾಲಿನಲ್ಲೂ ಬರುತ್ತವೆ, ಮಾಡೆಲ್ ಅವನ್ನು ಮೊದಲು ಕಲಿಯುತ್ತದೆ. ‘ಅವಳು’ ಅಂದ ಮೇಲೆ ಹತ್ತು ಪದ ಕಳೆದು ‘ಬಂದಳು’ ಎಂದೇ ಮುಗಿಯಬೇಕು ಅನ್ನುವುದು ಆಮೇಲೆ. ಯಾವುದೋ ಹಳ್ಳಿಯ ಜಾತ್ರೆ ಯಾವ ತಿಂಗಳು ಅನ್ನುವುದು ಇನ್ನೂ ಆಮೇಲೆ. ಮುಂದೆ ಹೋದಷ್ಟೂ ಕಲಿಯುವ ಸಂಗತಿ ಅಪರೂಪದ್ದು. ಅದಕ್ಕೆ ಜಾಗವೂ ಪಠ್ಯವೂ ಜಾಸ್ತಿ ಬೇಕು, ಸಿಗುವ ಲಾಭ ಕಡಿಮೆ. ಇಂಥ ಸಾವಿರಾರು ಪುಟ್ಟ ಕಲಿಕೆಗಳನ್ನು ಕೂಡಿದಾಗ ನಯವಾದ ಗೆರೆ ಬರುತ್ತದೆ.

ಆ ಗೆರೆಯನ್ನು ಹೊಂದಿಸಿದ್ದು ಹೀಗೆ:

```python
import numpy as np
from scipy.optimize import curve_fit

N = np.array([2.5e6, 5e6, 1e7, 2e7])
loss = np.array([5.09, 4.60, 4.19, 3.85])

def L(x, E, k, a):
    return E + k * x**(-a)

p, cov = curve_fit(L, N/2.5e6, loss, p0=[2, 3, 0.3])
```

ಇಲ್ಲಿ `E` ಮುಖ್ಯ. ಅದು ನೆಲ. ಎಷ್ಟೇ ದೊಡ್ಡ ಮಾಡೆಲ್ ಆದರೂ ಇಳಿಸಲಾಗದ ತಪ್ಪು. ಮುಂದಿನ ಪದ ಯಾವುದು ಎಂದು ಬರೆಯುವವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ, ಅಲ್ವಾ? ನನಗೆ `E` ಸುಮಾರು 2.15 ಬಂತು. ನಾಲ್ಕು ಚುಕ್ಕಿಗಳಿಗೆ ಮೂರು ಅಂಕಿ ಹೊಂದಿಸಿದ್ದರಿಂದ ಇದರ ಮೇಲೆ ನಂಬಿಕೆ ಇಡುವ ಮುಂಚೆ ಒಂದೊಂದೇ ಚುಕ್ಕಿ ಬಿಟ್ಟು ನೋಡಿದೆ. ಮೂರು ಚುಕ್ಕಿ ಉಳಿದಾಗ ಗೆರೆ ಮೂರರ ಮೇಲೂ ಹಾದುಹೋಗುತ್ತದೆ, ಆದರೆ `E` ಪ್ರತಿ ಸಲ ಜಾಗ ಬದಲಿಸಿತು. ಹತ್ತಿರದ ಊಹೆ ಗಟ್ಟಿ, ನೆಲದ ಎತ್ತರ ಅಲುಗಾಡುವಂಥದ್ದು.

ಇದು ಚಿಕ್ಕ ಪ್ರಯೋಗದ ತೊಂದರೆ ಮಾತ್ರ ಅಲ್ಲ. ಚಿಂಚಿಲಾ ಪ್ರಬಂಧದಲ್ಲಿ `E` 1.69 ಎಂದಿತ್ತು. 2024ರಲ್ಲಿ ಎಪೋಕ್ ಎಐ ಎಂಬ ಸಂಶೋಧನಾ ಸಂಸ್ಥೆಯವರು ಆ ಪ್ರಬಂಧದ ಚಿತ್ರದಿಂದಲೇ ಚುಕ್ಕಿಗಳನ್ನು ಎತ್ತಿಕೊಂಡು ಮತ್ತೆ ಲೆಕ್ಕ ಹಾಕಿದಾಗ ಸುಮಾರು 1.82 ಬಂತು. ಸ್ಕೇಲಿಂಗ್ ಗೋಡೆಗೆ ಬಡಿಯಿತಾ ಇಲ್ಲವಾ ಎಂದು ವಾದ ಮಾಡುವವರು ಈ ಅಂಕಿ ಎಷ್ಟು ಮೆತ್ತಗಿದೆ ಎಂದು ಒಮ್ಮೆ ನೋಡಬೇಕು ಅಂತ ನನಗನಿಸುತ್ತದೆ.

`E` ಬೇಡ, ನೇರ ಗೆರೆ ಸಾಕು ಎಂದು ಲಾಗ್ ಗ್ರಾಫ್‌ನಲ್ಲಿ ಎಳೆದರೆ 8 ಕೋಟಿಯ ಮಾಡೆಲ್‌ಗೆ 3.18ರ ಸುತ್ತ ಲಾಸ್ ಬರಬೇಕಿತ್ತು. `E` ಸೇರಿಸಿದರೆ 3.33. ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದಿಟ್ಟು ಮಾಡೆಲ್ ಓಡಿಸಿದೆ. ಎಷ್ಟು ಹೊತ್ತು ಬೇಕೆಂದು `C = 6ND` ಸೂತ್ರ ಹೇಳುತ್ತದೆ: `C` ಒಟ್ಟು ಲೆಕ್ಕಾಚಾರ, `N` ಪ್ಯಾರಾಮೀಟರ್, `D` ಟೋಕನ್. 8 ಕೋಟಿ ಪ್ಯಾರಾಮೀಟರ್, 160 ಕೋಟಿ ಟೋಕನ್, ಆರರಿಂದಲೂ ಗುಣಿಸಿದರೆ ಸುಮಾರು `7.7e17`. ನನ್ನ ಕಾರ್ಡ್ ನಿಜವಾಗಿ ಸೆಕೆಂಡಿಗೆ `3e13` ಲೆಕ್ಕ ಮಾಡುತ್ತಿತ್ತು. ಏಳು ಗಂಟೆ.

ಆದರೆ ನನ್ನ ಬಳಿ 160 ಕೋಟಿ ಟೋಕನ್ ಎಲ್ಲಿದೆ? ಇದ್ದ 40 ಕೋಟಿಯನ್ನೇ ನಾಲ್ಕು ಸಲ ಓದಿಸಬೇಕಾಯಿತು. ಇಲ್ಲಿ 2023ರಲ್ಲಿ ಮ್ಯುನಿಘಾಫ್ ಮತ್ತು ಸಂಗಡಿಗರು ಮಾಡಿದ ಕೆಲಸ ಧೈರ್ಯ ಕೊಟ್ಟಿತು. ಒಂದೇ ಪಠ್ಯವನ್ನು ನಾಲ್ಕು ಸುತ್ತಿನವರೆಗೆ ಓದಿಸಿದರೆ ಅದು ಹೆಚ್ಚುಕಡಿಮೆ ಹೊಸ ಪಠ್ಯದಷ್ಟೇ ಒಳ್ಳೆಯದು. ನಾಲ್ಕರಾಚೆ ಹೋದಂತೆ ಪ್ರತಿ ಸುತ್ತಿನ ಲಾಭ ಬೇಗ ಬೇಗ ಕಡಿಮೆಯಾಗುತ್ತಾ ಹೋಗುತ್ತದೆ.

ಬಂದ ಲಾಸ್ 3.38. ಊಹೆಗಿಂತ 0.05 ಜಾಸ್ತಿ. ಆರಂಭದಲ್ಲಿ ಮನಬಂದಂತೆ ಹಾಕುವ ಅಂಕಿಗಳನ್ನು ಬದಲಿಸಿ ಎರಡು ಸಲ ಓಡಿಸಿದರೇ 0.02ರವರೆಗೆ ವ್ಯತ್ಯಾಸ ಬರುತ್ತಿತ್ತು, ಹಾಗಾಗಿ ಇದು ಸಾಕಷ್ಟು ಹತ್ತಿರ. ಒಂದೆರಡು ಗಂಟೆಯಲ್ಲಿ ಮುಗಿದ ನಾಲ್ಕು ಮಾಡೆಲ್‌ಗಳು ಇಷ್ಟು ಸರಿಯಾಗಿ ಮುಂದಿನದನ್ನು ಹೇಳಿದ್ದು ನೋಡಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಖುಷಿಯಲ್ಲಿ 32 ಕೋಟಿಯ ಮಾಡೆಲ್‌ಗೂ ಕೈ ಹಾಕಿದೆ. ಅದಕ್ಕೆ 640 ಕೋಟಿ ಟೋಕನ್ ಬೇಕು, ಅಂದರೆ ಸರಿಯಾಗಿ ಹದಿನಾರು ಸುತ್ತು. ಐದು ದಿನಕ್ಕೆ ಸ್ವಲ್ಪ ಕಡಿಮೆ. ಊಹೆ 2.97. ಟ್ರೈನಿಂಗ್ ಲಾಸ್ ಇಳಿಯುತ್ತಲೇ ಹೋಯಿತು, ಆದರೆ ತೆಗೆದಿಟ್ಟ ಪಠ್ಯದ ಮೇಲಿನ ಲಾಸ್ ಏಳನೇ ಸುತ್ತಿನಲ್ಲಿ 3.29ಕ್ಕೆ ಬಂದು, ಆಮೇಲೆ ಮೇಲಕ್ಕೆ ತಿರುಗಿತು. ಈ ಎರಡು ಗೆರೆಗಳು ಬೇರೆ ಬೇರೆ ದಾರಿ ಹಿಡಿದವು ಎಂದರೆ ಮಾಡೆಲ್ ಕಲಿಯುವುದನ್ನು ಬಿಟ್ಟು ಉರುಹೊಡೆಯುತ್ತಿದೆ ಎಂದರ್ಥ. ಗಾತ್ರ ನಾಲ್ಕು ಪಟ್ಟಾಗಿ ನನಗೆ ಸಿಕ್ಕಿದ್ದು 0.09.

ಸೂತ್ರ ಸುಳ್ಳಾಗಲಿಲ್ಲ. ಗಾತ್ರದ ಜೊತೆ ಹೊಸ ಪಠ್ಯವೂ ಬೆಳೆಯುತ್ತದೆ ಎಂಬ ಷರತ್ತಿನ ಮೇಲೆ ಅದು ನಿಂತಿತ್ತು, ನಾನು ಆ ಷರತ್ತು ಮುರಿದಿದ್ದೆ. 2024ರ ಡಿಸೆಂಬರ್‌ನಲ್ಲಿ ಓಪನ್‌ಎಐನ ಸಹಸ್ಥಾಪಕ ಇಲ್ಯಾ ಸುಟ್ಸ್‌ಕೆವರ್ ನ್ಯೂರಿಪ್ಸ್ ಎಂಬ ಎಐ ಸಮ್ಮೇಳನದಲ್ಲಿ, ನಮ್ಮ ಬಳಿ ಇರುವುದು ಒಂದೇ ಇಂಟರ್ನೆಟ್ ಎಂದಾಗ ಇಂಗ್ಲಿಷಿನವರಿಗೆ ಅದು ಮುಂದೆ ಬರುವ ತೊಂದರೆಯ ಮಾತು. ಕನ್ನಡದಲ್ಲಿ ನಾನು ಅದನ್ನು ಒಂದೇ ಕಾರ್ಡ್‌ನಲ್ಲಿ ಐದು ದಿನದಲ್ಲಿ ಮುಟ್ಟಿದೆ.

ಇನ್ನೊಂದು ಮಾತು ಇದೆ. ಲಾಸ್ ಇಳಿದರೆ ಮಾಡೆಲ್‌ಗೆ ಯಾವ ಕೆಲಸ ಬರುತ್ತದೆ ಎಂದು ಗೆರೆ ಹೇಳುವುದಿಲ್ಲ. ಹತ್ತು ಟೋಕನ್‌ನ ವಾಕ್ಯ ಪೂರ್ತಿ ಸರಿ ಬಂದರೆ ಮಾತ್ರ ಅಂಕ ಎಂದು ಇಟ್ಟುಕೊಳ್ಳಿ. ಒಂದೊಂದು ಟೋಕನ್ ಸರಿ ಬರುವ ಸಾಧ್ಯತೆ 0.7 ಇದ್ದಾಗ ಪೂರ್ತಿ ವಾಕ್ಯ ನೂರಕ್ಕೆ ಮೂರು ಸಲ ಸರಿ. 0.9 ಆದಾಗ ಮೂವತ್ತೈದು ಸಲ. ದೊಡ್ಡ ಮಾಡೆಲ್‌ಗೆ ಕೌಶಲ ಥಟ್ಟನೆ ಬಂತು ಎಂದು 2022ರಲ್ಲಿ ಕೆಲವರು ಬರೆದರು, ಅದು ಅಂಕ ಕೊಡುವ ರೀತಿಯಿಂದ ಬಂದ ಭ್ರಮೆ ಎಂದು 2023ರಲ್ಲಿ ಶೇಫರ್ ಮತ್ತು ಸಂಗಡಿಗರು ವಾದಿಸಿದರು. ನಾನು ‘ಬಂದಳು–ಬಂದನು’ ಜೋಡಿಗಳಲ್ಲಿ ಸಾಧ್ಯತೆಯನ್ನೇ ಅಳೆದೆ, ಅದು ಮೆಲ್ಲಗೆ ಏರಿತು, ಎಲ್ಲೂ ಹಾರಲಿಲ್ಲ. ಆದರೆ ಬಳಸುವವರಿಗೆ ಪೂರ್ತಿ ವಾಕ್ಯವೇ ಬೇಕು. ಅವರ ಪಾಲಿಗೆ ಆ ಹಾರಿಕೆಯೂ ನಿಜವೇ.

ಈಗ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಪಠ್ಯ ತೆಗೆಯುತ್ತಿದ್ದೇನೆ. ಒತ್ತಕ್ಷರಗಳು ಸ್ಕ್ಯಾನ್‌ನಲ್ಲಿ ಕೆಡುತ್ತವೆ, ಅದು ಉಪಕಾರಕ್ಕಿಂತ ಅಪಕಾರ ಮಾಡಬಹುದು. ಅದಕ್ಕೇ 50 ಲಕ್ಷದ ಮಾಡೆಲನ್ನು ಎರಡು ಸಲ ಓಡಿಸುತ್ತೇನೆ. ಒಂದು ಸಲ ಹಳೆಯ 10 ಕೋಟಿ ಟೋಕನ್ ಮೇಲೆ, ಇನ್ನೊಂದು ಸಲ ಅರ್ಧ ಸ್ಕ್ಯಾನ್ ಪಠ್ಯ ಬೆರೆಸಿದ 10 ಕೋಟಿ ಮೇಲೆ. ಪರೀಕ್ಷೆಯ ಪಠ್ಯ ಎರಡಕ್ಕೂ ಒಂದೇ. ಮೊದಲನೆಯದರ ಉತ್ತರ ನನಗೆ ಗೊತ್ತು, 4.60. ಎರಡನೆಯದು ಅದರಿಂದ 0.02ರೊಳಗೆ ಬಂದರೆ ಆ ಪಠ್ಯ ಒಳಗೆ ಬರುತ್ತದೆ.